ಅಕ್ಟೋಬರಿನ ನಿಯಮ, ಆಗಸ್ಟಿನ ರಜೆ

ಕೇಳುಗರಿಗೆ ನಮಸ್ಕಾರ.

ನನ್ನ ತಮ್ಮ ಕಲಬುರಗಿಯ ಒಂದು ಖಾಸಗಿ ಉಗ್ರಾಣದಲ್ಲಿ ತೊಗರಿ ದಾಸ್ತಾನಿನ ಲೆಕ್ಕ ಬರೆಯುತ್ತಾನೆ. ಎಷ್ಟು ಚೀಲ ಬಂತು, ಎಷ್ಟು ಲಾರಿಗೆ ಏರಿತು, ತೂಕದಲ್ಲಿ ಎಷ್ಟು ಕೊರತೆ ಬಿತ್ತು ಎಂಬುದೆಲ್ಲ ಅವನ ಪುಸ್ತಕದಲ್ಲಿ ಇರುತ್ತದೆ. ನೇಮಕಾತಿ ಪತ್ರದ ಪ್ರಕಾರ ವರ್ಷದ ಕೆಲಸಕ್ಕೆ 100ರಲ್ಲಿ 80 ಅಂಕ ಬಂದರೆ 60,000 ರೂಪಾಯಿ ಬೋನಸ್ ಸಿಗಬೇಕು. ನಾಲ್ಕು ವರ್ಷ ತಪ್ಪದೆ ಸಿಕ್ಕಿತ್ತು. ಐದನೆಯ ವರ್ಷ 86 ಅಂಕ ಬಂದರೂ ಒಂದು ರೂಪಾಯಿಯೂ ಬರಲಿಲ್ಲ.

ಅಕ್ಟೋಬರಿನಲ್ಲಿ ಕಂಪನಿ ಒಂದು ಸುತ್ತೋಲೆ ಹೊರಡಿಸಿತ್ತು. ವರ್ಷದಲ್ಲಿ 12 ದಿನಕ್ಕಿಂತ ಹೆಚ್ಚು ರಜೆ ಹಾಕಿದವರಿಗೆ ಬೋನಸ್ ಇಲ್ಲ, ಈ ನಿಯಮ ಏಪ್ರಿಲ್ 1ರಿಂದಲೇ ಜಾರಿ ಎಂದು ಅದರಲ್ಲಿತ್ತು. ತಮ್ಮ ಆಗಸ್ಟಿನಲ್ಲಿ ಡೆಂಗಿ ಜ್ವರದಿಂದ 19 ದಿನ ಮಲಗಿದ್ದ. ಆ ರಜೆಯನ್ನು ಕಂಪನಿಯೇ ಮಂಜೂರು ಮಾಡಿತ್ತು. ನಿಯಮ ಹುಟ್ಟುವ ಮೊದಲೇ ಅವನು ಅದನ್ನು ಮುರಿದಂತಾಗಿತ್ತು. ಇದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಸಿಟ್ಟನ್ನು ಬದಿಗಿಟ್ಟು ಮೊದಲು ಕಾಗದಗಳನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿದೆವು. ನೇಮಕಾತಿ ಪತ್ರ, ಏಪ್ರಿಲಿನಲ್ಲಿ ಕೊಟ್ಟ ಗುರಿಪಟ್ಟಿ, ರಜೆ ಮಂಜೂರಾತಿ, ಸೆಪ್ಟೆಂಬರ್ ಕೊನೆಯ ಅರ್ಧವಾರ್ಷಿಕ ಅಂಕಪಟ್ಟಿ, ಆಮೇಲೆ ಸುತ್ತೋಲೆ. ಅಂಕಪಟ್ಟಿಯಲ್ಲಿ 88 ಅಂಕದ ಕೆಳಗೆ ವ್ಯವಸ್ಥಾಪಕರ ಸಹಿ ಇತ್ತು. ಹಳೆಯ ನಿಯಮದ ಮೇಲೆ ಅರ್ಧ ವರ್ಷದ ಕೆಲಸ ಮುಗಿದು, ಅಳೆದೂ ಆಗಿತ್ತು ಎಂಬುದಕ್ಕೆ ಆ ಒಂದು ಹಾಳೆಯೇ ಸಾಕ್ಷಿ.

ಕಂಪನಿ ಎರಡು ಮಾತು ಹೇಳಿತು. ಮೊದಲನೆಯದು, ನೀವು ಸುತ್ತೋಲೆಯನ್ನು ಒಪ್ಪಿದ್ದೀರಿ ಎಂಬುದು. ಮೊಬೈಲಿನಲ್ಲಿ ತಮ್ಮ ಒತ್ತಿದ್ದ ಗುಂಡಿಯ ಮೇಲೆ ‘ಓದಿದ್ದೇನೆ’ ಎಂದಿತ್ತು, ‘ಒಪ್ಪಿದ್ದೇನೆ’ ಎಂದಿರಲಿಲ್ಲ. ಪುಣ್ಯಕ್ಕೆ ಅದೇ ವಾರ ಅವನು ಇಮೇಲಿನಲ್ಲಿ ‘ಸುತ್ತೋಲೆ ತಲುಪಿದೆ, ಹಿಂದಿನ ತಾರೀಖಿನಿಂದ ಅನ್ವಯಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ’ ಎಂದು ಬರೆದಿದ್ದ. 1872ರ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಹಳೆಯ ಕರಾರಿನ ಜಾಗಕ್ಕೆ ಹೊಸದು ಬರಬೇಕಾದರೆ ಇಬ್ಬರೂ ಒಪ್ಪಬೇಕು. ಆಕ್ಷೇಪಿಸದೆ ತಿಂಗಳುಗಟ್ಟಲೆ ದುಡಿದರೆ ಆ ಮೌನವನ್ನೇ ಒಪ್ಪಿಗೆ ಎಂದು ತೋರಿಸುವ ದಾರಿ ಕಂಪನಿಗೆ ಸಿಗುತ್ತದೆ. ಅದಕ್ಕೇ ಆ ಎರಡು ಸಾಲಿನ ಇಮೇಲಿಗೆ ಅಷ್ಟು ಬೆಲೆ.

ಎರಡನೆಯ ಮಾತು, ಬೋನಸ್ ನಿಯಮವನ್ನು ಬದಲಿಸುವ ಅಧಿಕಾರ ನಮಗಿದೆ ಎಂಬುದು. ನೇಮಕಾತಿ ಪತ್ರದಲ್ಲಿ ಅಂಥ ಒಂದು ಸಾಲು ನಿಜಕ್ಕೂ ಇತ್ತು. ಅದು ಮುಂದಿನ ದಿನಗಳಿಗೆ ಸಲ್ಲಬಹುದು, ದುಡಿದು ಮುಗಿಸಿದ ದಿನಗಳಿಗೆ ಸಲ್ಲದು ಎಂಬುದು ನಮ್ಮ ವಾದ. ಜೊತೆಗೆ ಇನ್ನೊಂದು ಕಟ್ಟಳೆಯೂ ಇದೆ. ಕಾರ್ಮಿಕರ ಸೇವಾ ಷರತ್ತುಗಳಲ್ಲಿ ಕೆಲವನ್ನು ಬದಲಿಸುವ ಮೊದಲು 21 ದಿನದ ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂನಲ್ಲಿದ್ದ ಈ ನಿಯಮವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂ ಉಳಿಸಿಕೊಂಡಿದೆ. ಬೋನಸ್ ವೇತನದಲ್ಲಿ ಸೇರುವುದಿಲ್ಲ ಎಂದು ಕಂಪನಿ ಜಾರಿಕೊಳ್ಳಬಹುದಿತ್ತು. ಆದ್ದರಿಂದ ನಾವು ವೇತನ ಎಂಬ ಪದವನ್ನೇ ಹಿಡಿಯದೆ, ನಾಲ್ಕು ವರ್ಷ ರೂಢಿಯಲ್ಲಿದ್ದ ಸೌಲಭ್ಯವನ್ನು ನೋಟಿಸಿಲ್ಲದೆ ಹಿಂತೆಗೆದುಕೊಂಡಿದ್ದಾರೆ ಎಂದು ಬರೆದೆವು. ನೋಟಿಸ್ ಕೊಟ್ಟೇ ಮಾಡಬೇಕಾದ ಬದಲಾವಣೆಗಳ ಪಟ್ಟಿಯಲ್ಲಿ ಇದೂ ಇದೆ. ಈ ರಕ್ಷಣೆ ವ್ಯವಸ್ಥಾಪಕ ಹುದ್ದೆಯವರಿಗೆ ಇಲ್ಲ. ಅವರು ಕರಾರಿನ ಆಧಾರದ ಮೇಲೆ, ಸಾಮಾನ್ಯವಾಗಿ ಮೂರು ವರ್ಷದೊಳಗೆ, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ಕೇಳಿಕೆಯನ್ನು ಎರಡು ಮೆಟ್ಟಿಲಾಗಿ ಇಟ್ಟೆವು. ಹಳೆಯ ನಿಯಮದಂತೆ ಪೂರ್ತಿ 60,000 ಕೊಡಿ. ಹೊಸ ನಿಯಮ ಅಕ್ಟೋಬರಿನಿಂದ ಸಲ್ಲುತ್ತದೆ ಎಂದೇ ಇಟ್ಟುಕೊಂಡರೂ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಆರು ತಿಂಗಳ 30,000ವನ್ನಾದರೂ ಕೊಡಿ. ಎರಡನೆಯದಕ್ಕೆ ಇಲ್ಲ ಎನ್ನುವುದು ಕಂಪನಿಗೆ ಕಷ್ಟವಾಯಿತು.

ಇಂಥ ಬೋನಸ್ ತಕರಾರನ್ನು ಒಬ್ಬನೇ ಒಯ್ದರೆ ಅದು ಕೈಗಾರಿಕಾ ವಿವಾದ ಎನಿಸಿಕೊಳ್ಳುವುದು ಕಷ್ಟ, ಸಂಘವೋ ಸಹೋದ್ಯೋಗಿಗಳೋ ಬೆನ್ನಿಗಿರಬೇಕು. ಅದೇ ಸುತ್ತೋಲೆಯಿಂದ ಬೋನಸ್ ಕಳೆದುಕೊಂಡ ಇನ್ನೂ ಏಳು ಮಂದಿ ಅರ್ಜಿಗೆ ಸಹಿ ಹಾಕಿದರು. ಕಾರ್ಮಿಕ ಅಧಿಕಾರಿಯ ಮುಂದೆ ಎರಡನೆಯ ಸಭೆ ನಡೆದಾಗ ಕಂಪನಿಯವರು ಅರ್ಧ ವರ್ಷದ ಹಣ ಕೊಡಲು ಒಪ್ಪಿದರು.

ಚೆಕ್ಕಿನ ಜೊತೆ ಒಂದು ರಸೀದಿಯೂ ಬಂತು. ಅದರ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದಿತ್ತು. ತಮ್ಮ ಆ ಸಾಲನ್ನು ಹೊಡೆದು, ‘ಮೊದಲ ಆರು ತಿಂಗಳ ಬಾಬ್ತು ಮಾತ್ರ, ಉಳಿದ ಹಕ್ಕನ್ನು ಕಾಯ್ದಿರಿಸಿ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿದ. ಕಂಪನಿಯ ಗುಮಾಸ್ತರು ಸ್ವಲ್ಪ ಹೊತ್ತು ಅದನ್ನೇ ನೋಡಿದರು, ಆಮೇಲೆ ಮೊಹರು ಒತ್ತಿ ಒಂದು ಪ್ರತಿ ಕೊಟ್ಟರು. ಉಳಿದ 30,000ದ ಮಾತುಕತೆಗೆ ಮುಂದಿನ ತಿಂಗಳ ತಾರೀಖು ಸಿಕ್ಕಿದೆ.

ನಮಸ್ಕಾರ.