ಪ್ರಾಜೆಕ್ಟ್ ಮಾತ್ರ ಇದ್ರೆ ರೆಸ್ಯೂಮಲ್ಲಿ ಎಂತ ಬರೀಬೇಕು?

ಎಲ್ರಿಗೂ ನಮಸ್ಕಾರ. ಮೊನ್ನೆ ಮಲ್ಪೆ ಕಡೆಯ ಹುಡುಗ ಒಬ್ಬ ರೆಸ್ಯೂಮ್ ಹಿಡ್ಕೊಂಡು ಮನೆಗೆ ಬಂದಿದ್ದ, ಫೈನಲ್ ಇಯರ್ ಎಲೆಕ್ಟ್ರಾನಿಕ್ಸ್. "ಅಣ್ಣ, ಇಂಟರ್ನ್‌ಶಿಪ್ ಇಲ್ಲ, ಬರೀ ಕಾಲೇಜ್ ಪ್ರಾಜೆಕ್ಟ್ ಉಂಟು, ಎಂತ ಮಾಡುದು?" ಅಂತ ಕೇಳ್ದ. ನೋಡಿದ್ರೆ ಎರಡು ಪೇಜು, ಮೇಲೆ ಆಬ್ಜೆಕ್ಟಿವ್ ಅಂತ ನಾಲ್ಕು ಸಾಲು, ಮತ್ತೆ ಮಾರ್ಕಿನ ಟೇಬಲ್, ಹಾಬಿ, ಅಪ್ಪನ ಹೆಸರು, ಡಿಕ್ಲರೇಷನ್. ಇಡೀ ವರ್ಷ ಕೂತು ಮಾಡಿದ ಪ್ರಾಜೆಕ್ಟಿಗೆ ಸಿಕ್ಕಿದ್ದು ಎರಡನೇ ಪೇಜಲ್ಲಿ ಒಂದೇ ಸಾಲು: ಮೀನಿನ ಐಸ್ ಬಾಕ್ಸಿನ ಟೆಂಪರೇಚರ್ ನೋಡುವ ಐಒಟಿ ಸಿಸ್ಟಮ್.

ನಾನು ಕೇಳ್ದೆ, ನಾಲ್ಕು ಜನರ ಟೀಮಲ್ಲಿ ನೀನು ಎಂತ ಮಾಡಿದ್ದು? ಸೆನ್ಸರ್ ಓದುವ ಕೋಡ್ ಅಂದ. ಎಲ್ಲಿ ಸಿಕ್ಕಿಹಾಕ್ಕೊಂಡೆ? ಆಗ ಅವನ ಮುಖ ಅರಳಿತು ನೋಡಿ. ಐಸ್ ಒಳಗೆ ಇಟ್ಟ ಸೆನ್ಸರ್ ಮಧ್ಯೆ ಮಧ್ಯೆ 85 ಡಿಗ್ರಿ ತೋರಿಸ್ತಿತ್ತಂತೆ. ಬ್ಯಾಟರಿ ಉಳೀಲಿ ಅಂತ ಇವರು ಪ್ರತಿ ಸಲ ಸೆನ್ಸರ್ ಆಫ್ ಮಾಡಿ ಆನ್ ಮಾಡ್ತಿದ್ರು, ಆ ಡಿಎಸ್18ಬಿ20 ಸೆನ್ಸರಲ್ಲಿ ಆನ್ ಆದ ಕೂಡ್ಲೆ ಇರುದು 85 ಅನ್ನುವ ಸಂಖ್ಯೆ, ನಿಜವಾದ ಅಳತೆ ಬರ್ಲಿಕ್ಕೆ 12-ಬಿಟ್ ರೆಸಲ್ಯೂಷನ್ ಇಟ್ರೆ 750 ಮಿಲಿಸೆಕೆಂಡ್ ತನಕ ಬೇಕು, ಅವನ ಕೋಡ್ ಅಷ್ಟು ಕಾಯ್ತಿರ್ಲಿಲ್ಲ. ಡೇಟಾಶೀಟ್ ಓದಿ ಹಿಡಿದು ಸರಿ ಮಾಡಿದ್ದು ಅವನೇ, ರೆಸ್ಯೂಮಲ್ಲಿ ಅದರ ಸುದ್ದಿಯೇ ಇಲ್ಲ!

ಹಾಗೆ ಕೂತು ಮೂರು ಸಾಲು ಬರೆಸಿದೆ. ಒಂದರಲ್ಲಿ ಪ್ರಾಜೆಕ್ಟ್ ಯಾರಿಗೆ, ಎಂತಕ್ಕೆ, ಮತ್ತೆ ನಾಲ್ವರ ಟೀಮಲ್ಲಿ ಇವನ ಪಾಲು ಯಾವುದು. ಎರಡನೇದರಲ್ಲಿ ಈ 85ರ ಕತೆ, ಕಾರಣ ಮತ್ತು ಪರಿಹಾರ. ಮೂರನೇದು ಅಳೆದ ಫಲ, ಅಂದ್ರೆ ಬೇರೆ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಎಷ್ಟು ಗಂಟೆ ನೋಡಿದ್ದು, ಎಷ್ಟು ವ್ಯತ್ಯಾಸ ಬಂತು ಅಂತ. ಅದನ್ನು ಅವ ಅಳೆದೇ ಇರ್ಲಿಲ್ಲ, ಅಂದಾಜಲ್ಲಿ ಬರೀಬೇಡ, ಎರಡು ದಿನ ತಗೊಂಡು ಅಳೆದು ಬಾ ಅಂದೆ. ಸುಳ್ಳು ಸಂಖ್ಯೆ ಇಂಟರ್ವ್ಯೂನಲ್ಲಿ "ಹೇಗೆ ಅಳೆದದ್ದು?" ಅಂತ ಕೇಳಿದ ತಕ್ಷಣ ಸಿಕ್ಕಿ ಬೀಳ್ತದೆ.

ಇನ್ನು ಜೋಡಿಸುದು. ಹೆಸರು, ಫೋನ್, ಇಮೇಲ್, ಗಿಟ್‌ಹಬ್ ಲಿಂಕ್, ಅದರ ಕೆಳಗೆ ಡಿಗ್ರಿ ಮತ್ತು ಸಿಜಿಪಿಎ ಎರಡು ಸಾಲು, ಆಮೇಲೆ ಸೀದಾ ಪ್ರಾಜೆಕ್ಟ್‌ಗಳು, ಅರ್ಧ ಪೇಜ್ ಅದಕ್ಕೇ ಹೋಗ್ಲಿ. ಸ್ಕಿಲ್ಸ್ ಕೆಳಗೆ, ಪ್ರಾಜೆಕ್ಟಲ್ಲಿ ಬಳಸಿದ್ದು ಮಾತ್ರ. ಲ್ಯಾಬಲ್ಲಿ ಒಂದೇ ದಿನ ಮುಟ್ಟಿದ ಮ್ಯಾಟ್‌ಲ್ಯಾಬ್ ಬೇಡ. ಎಲ್ಲ ಸೇರಿ ಒಂದೇ ಪೇಜ್.

ಕಳಿಸುವ ಮೊದಲು ಪಿಡಿಎಫ್ ತೆರೆದು ಎಲ್ಲ ಕಾಪಿ ಮಾಡಿ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ ನೋಡಿ, ರೆಸ್ಯೂಮ್ ಓದುವ ಕಂಪನಿಯ ಸಾಫ್ಟ್‌ವೇರಿಗೂ ಹೆಚ್ಚುಕಮ್ಮಿ ಹಾಗೆಯೇ ಕಾಣುದು. ಇವನದ್ದು ಚಂದದ ಎರಡು ಕಾಲಮ್ ಟೆಂಪ್ಲೇಟ್, ಪೇಸ್ಟ್ ಮಾಡಿದ್ರೆ ಫೋನ್ ನಂಬರ್ ಪ್ರಾಜೆಕ್ಟಿನ ನಡುವೆ ಬಂದು ಕೂತಿತ್ತು. ಒಂದೇ ಕಾಲಮ್ ಮಾಡಿದ ಮೇಲೆ ಸರಿಯಾಯ್ತು. ನಮಸ್ಕಾರ.