ರಾಜೀನಾಮೆಗೆ ಮೊದಲು ಒಂದು ಬಿಲ್ಲಿನ ದಿನ ಎಣಿಸಿ

ಮುಂದಿನ ಸಾಲಿನಲ್ಲಿ ಕೂತವರು ಈಗಷ್ಟೇ ಕೇಳಿದರು: "ಒಂದು ವರ್ಷ ಮನೆ ನಡೆಸುವಷ್ಟು ಉಳಿತಾಯ ಇದೆ. ಕೆಲಸ ಬಿಟ್ಟು ಸ್ವಂತದ್ದು ಶುರು ಮಾಡಬಹುದಾ?"

ಆ ಒಂದು ವರ್ಷವನ್ನೇ ಬಿಡಿಸಿ ನೋಡೋಣ. ಮನೆಯ ತಿಂಗಳ ಖರ್ಚು 100 ಅಂತ ಇಟ್ಟುಕೊಳ್ಳಿ. ಕೂಡಿಟ್ಟಿದ್ದು 1,200. ಆದರೆ ಸ್ವಂತ ಕೆಲಸಕ್ಕೂ ತಿಂಗಳಿಗೆ 30 ಬೇಕು. ಇಷ್ಟು ದಿನ ಕಂಪನಿ ಕಟ್ಟುತ್ತಿದ್ದ ವಿಮೆ ಇನ್ನು ನಿಮ್ಮ ತಲೆಗೆ, ಅದಕ್ಕೆ 10. ಅಲ್ಲಿಗೆ ತಿಂಗಳಿಗೆ 140 ಆಯಿತು. ಶುರುವಿನಲ್ಲೇ ಸಾಮಾನಿಗೆ 150 ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಅಂತ 210 ಎತ್ತಿಡಿ. ಉಳಿಯುವುದು 840. ಅಂದರೆ ಆರೇ ತಿಂಗಳು.

"ಆದರೆ ಗಿರಾಕಿ ಇದ್ದಾರೆ, ಕೆಲಸ ಕೊಡ್ತೀನಿ ಅಂದಿದ್ದಾರೆ" ಅಂತ ಇನ್ನೊಬ್ಬರು ಹೇಳಿದರು. ಕೊಡ್ತೀನಿ ಅಂದದ್ದಕ್ಕೂ ದುಡ್ಡು ಖಾತೆಗೆ ಬಿದ್ದದ್ದಕ್ಕೂ ನಡುವೆ ಎಷ್ಟು ದಿನ? ನನ್ನ ಮೊದಲ ಗಿರಾಕಿ ಮಾತುಕತೆ ಮುಗಿಸಿ ಒಪ್ಪಲು 35 ದಿನ ಹಿಡಿಯಿತು. ಕೆಲಸ ಮುಗಿಸಲು 21 ದಿನ. ಬಿಲ್ ಕೊಟ್ಟ ಮೇಲೆ ಮತ್ತೆ 60 ದಿನ. ಒಟ್ಟು 116. ಅವರೇನೂ ಕೆಟ್ಟವರಲ್ಲ, ಅವರ ಲೆಕ್ಕದ ವಿಭಾಗ ನಡೆಯುವುದೇ ಹಾಗೆ. ಆ 60 ದಿನ ಬೆಳಗಾದರೆ ಬ್ಯಾಂಕಿನ ಮೆಸೇಜ್ ಬಂತಾ ಅಂತ ಫೋನ್ ನೋಡುತ್ತಿದ್ದೆ. ಅದೇ ಭಯದಲ್ಲಿ ಎರಡನೇ ಗಿರಾಕಿಗೆ ತೀರಾ ಕಡಿಮೆ ದರ ಹೇಳಿಬಿಟ್ಟೆ. ಕೈ ಬರಿದಾದಾಗ ಆಗುವ ದೊಡ್ಡ ನಷ್ಟ ಇದೇ.

ಅದಕ್ಕೇ ಸಂಬಳ ಬರುತ್ತಿರುವಾಗಲೇ ಒಂದು ಸಣ್ಣ ಕೆಲಸ ಹಿಡಿದು, ಮೊದಲ ಮಾತಿನಿಂದ ದುಡ್ಡು ಕೈಸೇರುವವರೆಗೆ ದಿನ ಎಣಿಸಿ ಅನ್ನುತ್ತೇನೆ. ಅಮೆರಿಕದ ಮಾಹಿತಿ ಇಟ್ಟುಕೊಂಡು 2014ರಲ್ಲಿ ಬಂದ ಒಂದು ಅಧ್ಯಯನವೂ ಸಂಬಳ ಇರುವಾಗಲೇ ಶುರು ಮಾಡುವುದರ ಲಾಭ ತೋರಿಸಿತು. ಕೆಲಸದ ಜೊತೆಗೇ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರಲ್ಲಿ ಉದ್ಯಮ ಮುಚ್ಚುವ ಸಾಧ್ಯತೆ, ಒಮ್ಮೆಲೇ ಕೆಲಸ ಬಿಟ್ಟು ಇಳಿದವರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು.

ಒಂದು ಎಚ್ಚರಿಕೆ. ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸಕ್ಕೆ ಅನುಮತಿ ಬೇಕಾ? ನೀವು ತಯಾರಿಸಿದ್ದರ ಹಕ್ಕು ಯಾರದು? ಕಂಪನಿಯ ಲ್ಯಾಪ್‌ಟಾಪ್‌ ಅಂತೂ ಮುಟ್ಟಲೇಬೇಡಿ. ಅನುಮತಿ ಸಿಗದಿದ್ದರೆ ಸಂಬಳವಿಲ್ಲದ ರಜೆ ಕೇಳಿ ನೋಡಿ.

"ಹಾಗಾದರೆ ಬಿಡೋದು ಯಾವಾಗ?" ಮೊದಲ ಮಾತಿನಿಂದ ದುಡ್ಡು ಕೈಸೇರುವವರೆಗಿನ ಇಂಥ ಎರಡು ಸುತ್ತು ಮುಗಿಯುವಷ್ಟು ದುಡ್ಡಿದ್ದಾಗ, ಅನ್ನುವುದು ನನ್ನ ಲೆಕ್ಕ. ಯಾಕೆಂದರೆ ಮೊದಲ ಗಿರಾಕಿ ಕೈಕೊಟ್ಟರೆ ಮತ್ತೆ ಮೊದಲಿಂದ ಶುರು, ಅಲ್ವಾ? 116 ದಿನದ ಎರಡು ಸುತ್ತಿಗೆ ಎಂಟು ತಿಂಗಳು ಬೇಕು. ಕೇಳಿದವರ ಹತ್ತಿರ ಇರುವುದು ಆರು. ಅವರು ಇನ್ನೂ 280 ಕೂಡಿಡಬೇಕು. ಇಲ್ಲವೇ ಅರ್ಧ ದುಡ್ಡು ಮುಂಗಡ ಕೊಡುವ ಗಿರಾಕಿಯನ್ನು ಹುಡುಕಬೇಕು. ಹಾಗೆ ಒಬ್ಬರು ಸಿಕ್ಕಿ, ಮುಂಗಡ ಖಾತೆಗೆ ಬಿದ್ದರೆ, ಈ ಲೆಕ್ಕವನ್ನು ಇನ್ನೊಮ್ಮೆ ಹಾಕೋಣ, ಬನ್ನಿ.