ಜಾಮೀನು ಹಾಕಿದವರ ಮನೆಗೆ ನೋಟಿಸು ಬಂದಾಗ

ಕೇಳುಗರಿಗೆ ನಮಸ್ಕಾರ.

ಮದ್ದೂರಿನ ಒಬ್ಬ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಅವರ ಬಾಮೈದ ಎಳನೀರು ಸಾಗಿಸೋದಕ್ಕೆ ಗೂಡ್ಸ್ ಆಟೋ ತಗೊಳ್ತಾನೆ. ಬ್ಯಾಂಕು 4 ಲಕ್ಷ ಸಾಲ ಕೊಡಲು ಇಬ್ಬರ ಜಾಮೀನು ಕೇಳುತ್ತದೆ. "ಭಾವ, ಸುಮ್ನೆ ಒಂದು ಸೈನ್ ಹಾಕಿ, ಕಂತೆಲ್ಲ ನಾನೇ ಕಟ್ತೀನಿ" ಅಂತಾನೆ ಬಾಮೈದ. ಮೇಷ್ಟ್ರು ಸೈನ್ ಹಾಕ್ತಾರೆ. ಪಕ್ಕದ ಬೀದಿಯ ದಿನಸಿ ಅಂಗಡಿಯವರೂ ಹಾಕ್ತಾರೆ. ಒಂದೂವರೆ ವರ್ಷ ಕಂತು ಸರಿಯಾಗಿ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಬಡ್ಡಿ ಸೇರಿ ಬಾಕಿ 3 ಲಕ್ಷ. ನೋಟಿಸು ಮೇಷ್ಟ್ರ ಹೆಸರಿಗೂ ಬರುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳೋದು ಒಂದೇ: "ದುಡ್ಡು ತಿಂದವನು ಅವನು, ಮೊದಲು ಅವನನ್ನು ಹಿಡೀರಿ." ಕೇಳೋಕೆ ನ್ಯಾಯವಾಗಿಯೇ ಇದೆ, ಅಲ್ವಾ? ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಅಸಲು, ಬಡ್ಡಿ, ಖರ್ಚು ಎಲ್ಲ ಸೇರಿ. ಬ್ಯಾಂಕು ಮೊದಲು ಸಾಲಗಾರನ ಬೆನ್ನು ಹತ್ತಿ, ಅಲ್ಲಿ ಸಿಗದಿದ್ದರೆ ಮಾತ್ರ ನಿಮ್ಮ ಹತ್ತಿರ ಬರಬೇಕು ಅಂತ ಏನಿಲ್ಲ. ಸುಪ್ರೀಂ ಕೋರ್ಟು 1968ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ಇಬ್ಬರು ಜಾಮೀನುದಾರರಿದ್ದರೆ ಅರ್ಧರ್ಧ ಕೇಳಬೇಕು ಅಂತಲೂ ಇಲ್ಲ. ಪೂರ್ತಿ 3 ಲಕ್ಷವನ್ನು ಮೇಷ್ಟ್ರೊಬ್ಬರನ್ನೇ ಕೇಳಬಹುದು. ತಿಂಗಳ ಸಂಬಳ ಬರೋರು ಸುಲಭವಾಗಿ ಸಿಗ್ತಾರೆ, ಅದಕ್ಕೇ ಅವರ ಬಾಗಿಲು ಮೊದಲು ತಟ್ಟೋದು.

ಹಾಗಂತ ಸಂಬಳವನ್ನೆಲ್ಲ ಬಾಚಿಕೊಳ್ಳೋಕೆ ಆಗಲ್ಲ. ಕೋರ್ಟಿನ ಡಿಕ್ರಿ ಮೇಲೆ ಜಪ್ತಿ ಆಗೋದಾದರೆ, ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. ಲೆಕ್ಕಕ್ಕೆ ಬರುವ ಸಂಬಳ 31,000 ಅಂದುಕೊಳ್ಳಿ, ತಿಂಗಳಿಗೆ 10,000 ಹಿಡಿಯಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಆದರೆ "ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ" ಅಂತ ಮೊದಲೇ ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದರೆ ಆ ಮಾತೇ ಬೇರೆ. ನಮ್ಮ ಕಡೆ ಸೊಸೈಟಿ ಸಾಲಗಳಲ್ಲಿ ಇಂಥ ಪತ್ರ ತಗೊಳ್ಳೋದುಂಟು.

ಈಗ ಆ ಆಟೋ ವಿಷಯಕ್ಕೆ ಬರೋಣ. ಇದನ್ನು ಬಹಳ ಜನ ಮರೆತುಬಿಡ್ತಾರೆ. ಆಟೋ ಬ್ಯಾಂಕಿಗೆ ಅಡವಾಗಿದೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಇದೆ. ಮೇಷ್ಟ್ರು ಪೂರ್ತಿ ಬಾಕಿ ಕಟ್ಟಿದ ಕೂಡಲೇ ಆ ಅಡಮಾನದ ಮೇಲೆ ಬ್ಯಾಂಕಿಗಿದ್ದ ಹಕ್ಕು ಮೇಷ್ಟ್ರಿಗೆ ಬರುತ್ತದೆ. ಆಟೋ ಮಾರಿ 1,20,000 ಬಂತು ಅನ್ನಿ. ಮೇಷ್ಟ್ರ ಕೈಬಿಟ್ಟದ್ದು 1,80,000. ಅದರಲ್ಲಿ ಅರ್ಧ, ಅಂದರೆ 90,000, ಅಂಗಡಿಯವರು ಕೊಡಬೇಕು. ಇಬ್ಬರೂ ತಮ್ಮ ತಮ್ಮ 90,000ವನ್ನು ಬಾಮೈದನಿಂದ ವಸೂಲಿ ಮಾಡಬಹುದು. ಅವನ ಹತ್ತಿರ ಏನಾದರೂ ಉಳಿದಿದ್ದರೆ, ಅನ್ನಿ.

ಇನ್ನೊಂದು ಸಂದರ್ಭ. ಬ್ಯಾಂಕಿನವರೇ ಅಡವು ಬಿಟ್ಟುಕೊಟ್ಟು, ಬಾಮೈದ ಆಟೋ ಮಾರಿಕೊಂಡಿದ್ದರೆ? ಆಗ ಆಟೋ ಬೆಲೆಯಷ್ಟು ಮೇಷ್ಟ್ರ ಹೊಣೆ ಇಳಿಯುತ್ತದೆ. ಮೇಷ್ಟ್ರನ್ನು ಕೇಳದೆ ಸಾಲದ ಷರತ್ತು ಬದಲಾಯಿಸಿದ್ದರೂ, ಬಡ್ಡಿ ಹೆಚ್ಚಿಸಿದ್ದರೂ, ಅದನ್ನು ಎತ್ತಿ ಹಿಡಿದು ವಾದ ಮಾಡಬಹುದು. ಆದರೆ ಇಲ್ಲೊಂದು ಕೊಕ್ಕೆ ಇದೆ. ಬ್ಯಾಂಕುಗಳ ಜಾಮೀನು ಪತ್ರದಲ್ಲಿ "ಈ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ" ಅನ್ನುವ ಸಾಲು ಸಣ್ಣ ಅಕ್ಷರದಲ್ಲಿ ಇರೋದು ಸಾಮಾನ್ಯ. ಸೈನ್ ಹಾಕೋ ದಿನ ಅದನ್ನು ಓದೋರು ಯಾರು? ಹಾಗಾಗಿ ನೋಟಿಸು ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ, ಬ್ಯಾಂಕಿಗೆ ಬರೆದು ನಿಮ್ಮ ಜಾಮೀನು ಪತ್ರದ ನಕಲು, ಸಾಲದ ಖಾತೆಯ ಲೆಕ್ಕ ಎರಡನ್ನೂ ತರಿಸಿಕೊಳ್ಳೋದು. ಅವೆರಡೂ ಕೈಯಲ್ಲಿಲ್ಲದೆ ವಕೀಲರೂ ಏನೂ ಹೇಳಲಾರರು.

ನೋಟಿಸು ತಗೊಳ್ಳದೆ ವಾಪಸ್ ಕಳಿಸಿದರೆ ಬಚಾವಾಗಬಹುದು ಅಂತ ಕೆಲವರ ಲೆಕ್ಕಾಚಾರ. ಅದು ನಡೆಯಲ್ಲ. ನೀವು ಬಾರದಿದ್ದರೆ ಕೋರ್ಟು ನಿಮ್ಮನ್ನು ಬಿಟ್ಟೇ ತೀರ್ಪು ಕೊಡುತ್ತದೆ. ಅಷ್ಟರಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಸಿಬಿಲ್ ದಾಖಲೆಯಲ್ಲೂ ಆ ಸಾಲ ನಿಮ್ಮ ಹೆಸರಿನ ಕೆಳಗೆ ಜಾಮೀನು ಅಂತ ಕಾಣುತ್ತದೆ. ನಾಳೆ ನಿಮ್ಮ ಮನೆ ಸಾಲಕ್ಕೆ ಅದೇ ಅಡ್ಡ ಬರಬಹುದು.

ಕೊನೆಗೆ ಕಟ್ಟಲೇಬೇಕಾಗಿ ಬಂದರೆ ಬಾಮೈದನ ಕೈಗೆ ನಗದು ಕೊಟ್ಟು "ನೀನೇ ಕಟ್ಟಿಬಿಡು" ಅನ್ನಬೇಡಿ. ನಿಮ್ಮ ಖಾತೆಯಿಂದಲೇ ಸಾಲದ ಖಾತೆಗೆ ಕಟ್ಟಿ, ಜಾಮೀನುದಾರನಾಗಿ ಕಟ್ಟಿದ್ದೇನೆ ಅಂತ ಬ್ಯಾಂಕಿಗೆ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಬಾಕಿ ತೀರಿದ ಪತ್ರವನ್ನೂ ಕೇಳಿ ಪಡೆಯಿರಿ. ಸಾಲಗಾರನ ಮೇಲೆ ದಾವೆ ಹಾಕಲು ನೀವು ಕಟ್ಟಿದ ದಿನದಿಂದ ಮೂರು ವರ್ಷ ಸಮಯವಿದೆ. ಸಂಬಂಧ ಕೆಡುತ್ತೆ ಅಂತ ಸುಮ್ಮನಿದ್ದು ಆ ಮೂರು ವರ್ಷ ದಾಟಿಸಿದರೆ, ಆಮೇಲೆ ಕೋರ್ಟಿನಲ್ಲಿ ಆ ದುಡ್ಡು ಕೇಳಲು ದಾರಿ ಉಳಿಯುವುದಿಲ್ಲ.

ನಮಸ್ಕಾರ.